ಆರತಕ್ಷತೆ ಫೋಟೊಗೆ ತೀರಿಹೋದ ಅಪ್ಪನನ್ನು ಸೇರಿಸುವಾಗ: ಫೇಸ್ ಸ್ವಾಪೋ, ಜನರೇಶನ್ನೋ, ಕೈಕೆಲಸವೋ?

ಸ್ಟುಡಿಯೊಗಳಿಗೆ ಪದೇ ಪದೇ ಬರುವ ಕೋರಿಕೆ ಇದು: ಮಗಳ ಆರತಕ್ಷತೆಯ ಗ್ರೂಪ್ ಫೋಟೊದಲ್ಲಿ ತೀರಿಹೋದ ಅಪ್ಪ ಅಮ್ಮನ ಪಕ್ಕ ನಿಂತಿರಬೇಕು, 12×18 ಇಂಚಿನ ಪ್ರಿಂಟು ಹಾಕಿ ಕಟ್ಟು ಹಾಕಿಸಬೇಕು. ಈಗ ಇದಕ್ಕೆ ಮೂರು ದಾರಿಗಳಿವೆ. ಯಾರದಾದರೂ ದೇಹಕ್ಕೆ ಅಪ್ಪನ ಮುಖವನ್ನು ಫೇಸ್ ಸ್ವಾಪ್ ಮಾಡುವುದು ಒಂದು, ಅಪ್ಪನನ್ನೇ ಎಐ ಮಾಡೆಲ್‌ನಿಂದ ಹುಟ್ಟಿಸುವುದು ಇನ್ನೊಂದು, ಹಳೆಯ ಫೋಟೊದಿಂದ ಕತ್ತರಿಸಿ ಫೋಟೊಶಾಪ್‌ನಲ್ಲಿ ಲೇಯರ್ ಮೇಲೆ ಲೇಯರ್ ಇಟ್ಟು ಕೈಯಲ್ಲೇ ಕೂಡಿಸುವುದು ಮೂರನೆಯದು. ಯಾವುದು ಸುಲಭ ಅಂತ ನೋಡಿ ಆರಿಸಿದರೆ ಕೆಲಸ ಕೆಡುತ್ತದೆ. ನಾನು ಮೊದಲು ಅಳೆಯುವುದು ಎರಡನ್ನು: ಪ್ರಿಂಟಿನಲ್ಲಿ ಆ ತಲೆ ಎಷ್ಟು ಪಿಕ್ಸೆಲ್ ಇರುತ್ತದೆ, ಮತ್ತು ಅದನ್ನು ಗುರುತಿಸಬೇಕಾದವರು ಯಾರು.

12×18 ಇಂಚಿಗೆ 300 ಡಿಪಿಐ ಲೆಕ್ಕದಲ್ಲಿ 5400×3600 ಪಿಕ್ಸೆಲ್ ಬೇಕು. ಹತ್ತು ಹನ್ನೆರಡು ಜನ ನಿಂತ ಫೋಟೊದಲ್ಲಿ ಗದ್ದದಿಂದ ನೆತ್ತಿಯವರೆಗೆ ಒಬ್ಬರ ತಲೆ ಸುಮಾರು 300 ಪಿಕ್ಸೆಲ್ ಬರುತ್ತದೆ ಅನ್ನೋಣ. ಪ್ರಿಂಟಿನಲ್ಲಿ ಅದು ಒಂದು ಇಂಚು. ಒಂದು ಇಂಚಿನ ಮುಖವನ್ನು ಹೆಂಡತಿ ಮಕ್ಕಳು ದಿನಾ ಹತ್ತಿರದಿಂದ ನೋಡುತ್ತಾರೆ. ಹೊರಗಿನವರಿಗೆ ಕಾಣದ ತಪ್ಪು ಅವರಿಗೆ ಒಂದೇ ನೋಟಕ್ಕೆ ಸಿಗುತ್ತದೆ.

ಪೂರ್ತಿ ಜನರೇಶನ್ ಇಲ್ಲಿ ಮೊದಲು ಬಿದ್ದುಹೋಗುತ್ತದೆ. ಒಬ್ಬ ನಿರ್ದಿಷ್ಟ ಮನುಷ್ಯನನ್ನು ಮಾಡೆಲ್‌ಗೆ ಕಲಿಸಲು, ಅಂದರೆ ಮಾಡೆಲ್‌ಗೆ ಜೋಡಿಸುವ ಲೋರಾ ಎಂಬ ಸಣ್ಣ ಫೈಲನ್ನು ಅವರಿಗಾಗಿ ತಯಾರಿಸಲು, ಬೇರೆ ಬೇರೆ ಬೆಳಕು, ಕೋನ, ಬಟ್ಟೆಯಲ್ಲಿ ತೆಗೆದ ಹದಿನೈದು ಇಪ್ಪತ್ತು ಒಳ್ಳೆಯ ಫೋಟೊ ಇದ್ದರೆ ಚೆನ್ನ. ಮನೆಯವರು ತರುವುದು ಸಾಮಾನ್ಯವಾಗಿ ಎರಡು: ಒಂದು ಪಾಸ್‌ಪೋರ್ಟ್ ಸೈಜ್ ಫೋಟೊ, ಒಂದು ಗೃಹಪ್ರವೇಶದ ಗ್ರೂಪ್ ಫೋಟೊ. ಎರಡೇ ಕೊಟ್ಟರೆ ಮಾಡೆಲ್ ಮನುಷ್ಯನನ್ನು ಕಲಿಯುವುದಿಲ್ಲ, ಆ ಎರಡು ಫೋಟೊಗಳನ್ನು ಕಲಿಯುತ್ತದೆ. ಪಾಸ್‌ಪೋರ್ಟ್ ಫೋಟೊದ ಬಿಗಿ ಮುಖವೇ ವೇದಿಕೆಯ ಮೇಲೂ ಬಂದು ನಿಲ್ಲುತ್ತದೆ. ಫೋಟೊವನ್ನು ಬರೀ ರೆಫರೆನ್ಸ್ ಆಗಿ ಕೊಟ್ಟರೆ ಆ ವಯಸ್ಸಿನ, ಆ ಮೀಸೆಯ, ಯಾರೋ ಒಬ್ಬ ಸಭ್ಯ ಗಂಡಸು ಬರುತ್ತಾನೆ.

ಫೇಸ್ ಸ್ವಾಪ್ ಮೇಲ್ನೋಟಕ್ಕೆ ಇದಕ್ಕೆಂದೇ ಮಾಡಿದ ಹಾಗೆ ಕಾಣುತ್ತದೆ. ತೀರಿಹೋದವರ ತಮ್ಮ ಅದೇ ವೇದಿಕೆಯಲ್ಲಿ, ಅದೇ ಬೆಳಕಿನಲ್ಲಿ ನಿಂತ ಫ್ರೇಮ್ ಇದ್ದೇ ಇರುತ್ತದೆ. ಅವರ ಮುಖಕ್ಕೆ ಅಣ್ಣನ ಮುಖ ಹಾಕಿದರೆ ಆಯಿತಲ್ಲ ಎಂಬ ಯೋಚನೆ. ಬೆಳಕಿನ ಮಟ್ಟಿಗೆ ಅದು ನಿಜ. ಆದರೆ ಬಹಳ ಜನ ಬಳಸುವ `inswapper_128` ಮಾಡೆಲ್ ಹೆಸರಲ್ಲೇ ಇರುವಂತೆ ಮುಖವನ್ನು 128×128 ಪಿಕ್ಸೆಲ್ಲಿನಲ್ಲಿ ಮಾಡಿಕೊಡುತ್ತದೆ. ನಮಗೆ ಬೇಕಾದ ಅಳತೆಗೆ ಅದನ್ನು ಎರಡು ಪಟ್ಟಿನಷ್ಟು ಹಿಗ್ಗಿಸಬೇಕು. ಹಿಗ್ಗಿಸಿದಾಗ ಮಂಕಾಗುವುದನ್ನು ಸರಿಪಡಿಸಲು `GFPGAN` ಅಥವಾ `CodeFormer` ಓಡಿಸುತ್ತಾರೆ. ಅವು ಚರ್ಮ, ರೆಪ್ಪೆ, ಹಲ್ಲನ್ನು ಊಹಿಸಿ ತುಂಬುತ್ತವೆ. ಮುಖ ನುಣ್ಣಗೆ, ವಯಸ್ಸು ಐದಾರು ವರ್ಷ ಕಡಿಮೆಯಾದಂತೆ ಕಾಣುವುದು ಇದರಿಂದಲೇ.

ಪಿಕ್ಸೆಲ್ಲಿಗಿಂತ ದೊಡ್ಡ ತೊಂದರೆ ಇನ್ನೊಂದಿದೆ. ಸ್ವಾಪ್ ಮಾಡೆಲ್ ಮೂಲ ಫೋಟೊದಿಂದ ತೆಗೆದುಕೊಳ್ಳುವುದು ಮುಖದ ಗುರುತನ್ನು ಸಾರಾಂಶ ಮಾಡಿದ ಒಂದಿಷ್ಟು ಸಂಖ್ಯೆಗಳನ್ನು, ಚಿತ್ರವನ್ನಲ್ಲ. ಕೆನ್ನೆಯ ಮಚ್ಚೆ, ಹಣೆಯ ವಿಭೂತಿ, ಹುಬ್ಬಿನ ಮೇಲಿನ ಹಳೇ ಗಾಯದ ಗೆರೆ ಆ ಸಂಖ್ಯೆಗಳಲ್ಲಿ ಉಳಿಯುವ ಖಾತ್ರಿಯಿಲ್ಲ. ಕಿವಿ, ತಲೆಯ ಆಕಾರ, ಕೂದಲು, ಕುತ್ತಿಗೆ ಇವೆಲ್ಲ ತಮ್ಮನವೇ ಇರುತ್ತವೆ. ಕನ್ನಡಕ ಇದ್ದರಂತೂ ಫ್ರೇಮಿನ ಗೆರೆ ಮೂಗಿನ ಹತ್ತಿರ ಕರಗಿಹೋಗುತ್ತದೆ. ನೋಡಿದ ಹೆಂಡತಿ ಹೇಳುವುದು ಇಷ್ಟೇ: "ಚೆನ್ನಾಗಿದೆ, ಆದ್ರೆ ನಮ್ಮನೆಯವ್ರಲ್ಲ. ಯಾರೋ ಅವ್ರ ದಾಯಾದಿ ಥರ ಇದಾರೆ." ಅದೂ ಅಲ್ಲದೆ `inswapper_128` ಮಾಡೆಲ್ ಕೊಟ್ಟಿರುವುದು ವಾಣಿಜ್ಯೇತರ ಸಂಶೋಧನೆಗೆ ಮಾತ್ರ, ದುಡ್ಡು ತೆಗೆದುಕೊಂಡು ಮಾಡುವ ಕೆಲಸಕ್ಕೆ ಬಳಸುವ ಹಾಗಿಲ್ಲ.

ಹಾಗಾಗಿ ಇಂಥ ಕೆಲಸಕ್ಕೆ ನಾನು ಆರಿಸುವುದು ಕೈಕೆಲಸವನ್ನೇ: ದೇಹ ತಮ್ಮನದು, ಕುತ್ತಿಗೆ ಸಮೇತ ತಲೆ ಅಪ್ಪನದು. ತಮ್ಮನನ್ನು ಕೇಳಿಯೇ ಮಾಡಬೇಕು. ಅವರ ಅಂಗಿ ಶಲ್ಯದ ಬಣ್ಣವನ್ನೂ ಬದಲಿಸಬೇಕು, ಇಲ್ಲದಿದ್ದರೆ ಅದೇ ಆಲ್ಬಂನಲ್ಲಿ ಅದೇ ಬಟ್ಟೆ ಇಬ್ಬರ ಮೈಮೇಲೆ ಕಾಣುತ್ತದೆ.

ಮೂಲ ಫೋಟೊ ಯಾವುದು? ಪಾಸ್‌ಪೋರ್ಟ್ ಫೋಟೊವನ್ನು 1200 ಡಿಪಿಐಗೆ ಸ್ಕ್ಯಾನ್ ಮಾಡಿದರೆ ಅಗಲವೇ 1650 ಪಿಕ್ಸೆಲ್ ದಾಟುತ್ತದೆ, ಗ್ರೂಪ್ ಫೋಟೊದಲ್ಲಿ ತಲೆ ಇನ್ನೂರ ಚಿಲ್ಲರೆ ಪಿಕ್ಸೆಲ್ ಮಾತ್ರ. ಆದರೂ ಗ್ರೂಪ್ ಫೋಟೊವೇ ಗೆಲ್ಲುವುದು ಹೆಚ್ಚು. ಕಾರಣ, ಕ್ಯಾಮೆರಾದ ದೂರ. ಪಾಸ್‌ಪೋರ್ಟ್ ಫೋಟೊ ಹತ್ತಿರದಿಂದ ತೆಗೆದದ್ದು. ಮೂಗು ಸ್ವಲ್ಪ ಮುಂದೆ, ಕಿವಿಗಳು ಹಿಂದೆ ಸರಿದಿರುತ್ತವೆ. ನಾಲ್ಕೈದು ಮೀಟರ್ ದೂರದಿಂದ ತೆಗೆದ ಗ್ರೂಪಿನಲ್ಲಿ ಅದನ್ನು ಕೂರಿಸಿದರೆ ಆ ಮುಖ ಮಾತ್ರ ಎದ್ದು ಬಂದಂತಿರುತ್ತದೆ, ಸೈಜ್ ಎಷ್ಟು ಬದಲಿಸಿದರೂ ಹೋಗದು. ಸೆಲ್ಫಿಯಲ್ಲಿ ಇದು ಇನ್ನೂ ಜಾಸ್ತಿ, ಅದನ್ನು ಬಳಸಲೇಬೇಡಿ. ಬೆಳಕನ್ನು ಮೂಗಿನ ನೆರಳಿನಿಂದ ಅಳೆಯಬಹುದು. ಎದುರಿನ ಫ್ಲ್ಯಾಶಿನಲ್ಲಿ ತೆಗೆದ ಚಪ್ಪಟೆ ಬೆಳಕಿನ ಮುಖ, ಎರಡೂ ಬದಿಗೆ ಅಂಬ್ರೆಲಾ ಲೈಟ್ ಇಟ್ಟ ವೇದಿಕೆಗೆ ಹೊಂದುತ್ತದೆ. ಕಿಟಕಿ ಪಕ್ಕ ತೆಗೆದು ಅರ್ಧ ಮುಖ ಕಪ್ಪಾಗಿರುವುದು ಹೊಂದುವುದಿಲ್ಲ. ಪಾಸ್‌ಪೋರ್ಟ್ ಫೋಟೊ ಪಕ್ಕದ ಕಿಟಕಿಯಲ್ಲಿ ತೆರೆದಿರಲಿ, ಮಚ್ಚೆ ಎಲ್ಲಿದೆ, ಹುಬ್ಬು ಹೇಗಿದೆ ಎಂದು ನೋಡಿಕೊಳ್ಳಲು ಬೇಕಾಗುತ್ತದೆ.

ತಲೆಯ ಗಾತ್ರವನ್ನು ಕಣ್ಣಂದಾಜಿನಲ್ಲಿ ಇಡಬಾರದು. ಗೃಹಪ್ರವೇಶದ ಫೋಟೊದಲ್ಲಿ ಗಂಡ ಹೆಂಡತಿ ಒಂದೇ ಸಾಲಿನಲ್ಲಿ ನಿಂತಿದ್ದರೆ ಅಲ್ಲೇ ಅಳತೆ ಸಿಗುತ್ತದೆ. ಅಮ್ಮನ ತಲೆ 210 ಪಿಕ್ಸೆಲ್, ಅಪ್ಪನದು 231 ಇದ್ದರೆ ಪ್ರಮಾಣ 1.1. ಆರತಕ್ಷತೆ ಫೋಟೊದಲ್ಲಿ ಅಮ್ಮನ ತಲೆ 300 ಇದ್ದರೆ ಅಪ್ಪನದು 330 ಆಗಬೇಕು, ಅಂದರೆ ಒಂದೂವರೆ ಪಟ್ಟಿಗಿಂತ ಸ್ವಲ್ಪ ಕಡಿಮೆ ಹಿಗ್ಗಿಸುವುದು. ಇಷ್ಟಕ್ಕೆ ಸಾಮಾನ್ಯ ರೀಸೈಜ್ ಸಾಕು, ಎಐ ಅಪ್‌ಸ್ಕೇಲರ್ ಬೇಡ. ಎತ್ತರವನ್ನೂ ಅದೇ ಫೋಟೊದಿಂದ ತೆಗೆಯಿರಿ: ಅಮ್ಮನ ಕಣ್ಣು ಅಪ್ಪನ ಮೂಗಿನ ಮಟ್ಟಕ್ಕೋ, ಗದ್ದದ ಮಟ್ಟಕ್ಕೋ ಬರುತ್ತದೆ ಎಂಬುದನ್ನು ಮನೆಯವರು ಬಾಯಲ್ಲಿ ಹೇಳಲಾರರು, ತಪ್ಪಿದರೆ ಮಾತ್ರ ಗೊತ್ತಾಗುತ್ತದೆ.

ಕೂಡಿಸುವ ಗೆರೆ ಕುತ್ತಿಗೆಯ ನಡುವೆ ಬೇಡ. ಅಲ್ಲಿ ಎರಡು ಚರ್ಮದ ಬಣ್ಣ ಎದುರುಬದುರಾಗುತ್ತದೆ. ಕುತ್ತಿಗೆಯನ್ನೂ ತಲೆಯ ಜೊತೆಗೇ ಕತ್ತರಿಸಿ ತಂದು, ತಮ್ಮನ ಅಂಗಿಯ ಕಾಲರ್ ಮತ್ತು ಶಲ್ಯವನ್ನು ಅದರ ಮೇಲಿನ ಲೇಯರಾಗಿ ಇಟ್ಟರೆ ಗೆರೆ ಬಟ್ಟೆಯ ಒಳಗೆ ಅಡಗುತ್ತದೆ. ಮುಖದ ಬಣ್ಣವನ್ನು ಆ ಲೇಯರಿಗೆ ಮಾತ್ರ ತಗುಲಿಸಿದ `Curves`ನಲ್ಲಿ, ಕೆಂಪು ಹಸಿರು ನೀಲಿ ಬೇರೆ ಬೇರೆಯಾಗಿ ತಿದ್ದಿ. ಕಣ್ಣಿನ ಬಿಳಿ ಭಾಗ ಅಮ್ಮನ ಕಣ್ಣಿನ ಬಿಳಿಯಷ್ಟೇ ಹಳದಿಯಾಗಿದ್ದರೆ ಬೆಳಕಿನ ಬಣ್ಣ ಕೂಡಿತು ಅಂತ. ಆಮೇಲೆ ತಮ್ಮನ ಕೈಗಳನ್ನು ಅಪ್ಪನ ಮುಖದ ಬಣ್ಣಕ್ಕೆ ತರಬೇಕು. ಕೈಯ ಬಣ್ಣಕ್ಕೆ ಮುಖವನ್ನು ತಂದರೆ ಮನುಷ್ಯ ಬದಲಾಗುತ್ತಾನೆ; ಕೈ ನೋಡಿ ಗಂಡನನ್ನು ಗುರುತಿಸುವವರು ಕಡಿಮೆ.

ಗದ್ದದ ಕೆಳಗೆ ಕಾಲರಿನ ಮೇಲೆ, ಮತ್ತು ಕಾಲಿನ ಬುಡದಲ್ಲಿ ಕಾರ್ಪೆಟ್ಟಿನ ಮೇಲೆ ನೆರಳು ಬೇಕು. `Multiply` ಲೇಯರಿನಲ್ಲಿ 30–40 ಶೇಕಡಾ ಸಾಕು, ಬಣ್ಣ ಪಕ್ಕದವರ ಕಾಲಿನ ನೆರಳಿನಿಂದ ತೆಗೆದದ್ದಾಗಿರಲಿ. ಅಪ್ಪಟ ಕಪ್ಪು ಹಾಕಿದರೆ ತಕ್ಷಣ ಸಿಕ್ಕಿಬೀಳುತ್ತದೆ. ಅಪ್ಪನ ಒಂದು ಭುಜ ಅಮ್ಮನ ಸೀರೆ ಸೆರಗಿನ ಹಿಂದೆ ಮರೆಯಾಗುವಂತೆ ನಿಲ್ಲಿಸಿದರೆ ನೆರಳಿಗಿಂತಲೂ ಹೆಚ್ಚು ಕೆಲಸವಾಗುತ್ತದೆ. ಕೊನೆಗೆ ನಾಯ್ಸ್. ಮಂಟಪದ ಒಳಗೆ ಐಎಸ್‌ಒ 1600ರಲ್ಲಿ ತೆಗೆದ ಚಿತ್ರಕ್ಕೆ ಸಣ್ಣ ಕಾಳು ಇರುತ್ತದೆ, ಹಿಗ್ಗಿಸಿದ ತಲೆಗೆ ಇರುವುದಿಲ್ಲ. 2ರಿಂದ 3 ಶೇಕಡಾ ಗಾಸಿಯನ್ ನಾಯ್ಸ್ ಹಾಕಿ ನೂರು ಶೇಕಡಾ ಜೂಮಿನಲ್ಲಿ ಅಮ್ಮನ ಕೆನ್ನೆಯ ಜೊತೆ ಹೋಲಿಸಿ ನೋಡಿ.

ಹಾಗಂತ ಜನರೇಶನ್ ಇಲ್ಲಿ ಪೂರ್ತಿ ಹೊರಗಲ್ಲ. ತಮ್ಮನ ದಟ್ಟ ಕೂದಲು ತೆಗೆದ ಮೇಲೆ ಅಪ್ಪನ ಬೋಳುತಲೆಯ ಸುತ್ತ ಖಾಲಿ ಜಾಗ ಉಳಿಯುತ್ತದಲ್ಲ, ಹಿಂದಿನ ಹೂವಿನ ಅಲಂಕಾರವನ್ನು ಅಲ್ಲಿಗೆ ತುಂಬಲು `Generative Fill` ಚೆನ್ನಾಗಿ ಒದಗುತ್ತದೆ. ಸೇವಂತಿಗೆಯನ್ನು ಯಾರೂ ಗುರುತು ಹಿಡಿಯುವುದಿಲ್ಲ. ಆದರೆ ವಧೂವರರ ಹೆಸರು ಬರೆದ ಬೋರ್ಡ್ ಆ ಆಯ್ಕೆಯೊಳಗೆ ಸಿಕ್ಕರೆ ಕನ್ನಡ ಅಕ್ಷರಗಳು ಒತ್ತು ದೀರ್ಘ ಕಲಸಿ ಯಾವ ಲಿಪಿಯೂ ಅಲ್ಲದ್ದಾಗಬಹುದು, ಅದನ್ನು ಬಿಟ್ಟೇ ಸೆಲೆಕ್ಟ್ ಮಾಡಿ.

ಇನ್ನೊಂದು ಆಸೆ ಬರುತ್ತದೆ: ಕೂಡಿಸಿದ ಇಡೀ ಚಿತ್ರವನ್ನು ಕಡಿಮೆ ಸ್ಟ್ರೆಂಗ್ತ್‌ನಲ್ಲಿ, 0.2 ಅಥವಾ 0.3ಕ್ಕೆ, ಸ್ಟೇಬಲ್ ಡಿಫ್ಯೂಶನ್ ಎಂಬ ಎಐ ಮಾಡೆಲ್ ಮೂಲಕ ಒಮ್ಮೆ ಹಾಯಿಸಿದರೆ ಅಂಚುಗಳೆಲ್ಲ ತಾನಾಗಿ ಬೆರೆಯುತ್ತವೆ ಎಂದು. ಅಂಚು ಬೆರೆಯುವುದು ನಿಜ, ಜೊತೆಗೆ ಎಲ್ಲರ ಕಣ್ಣೂ ಬದಲಾಗುತ್ತದೆ. ಈ ಮಾಡೆಲ್‌ಗಳು ಚಿತ್ರವನ್ನು ಮೊದಲು ಉದ್ದ ಅಗಲ ಎರಡರಲ್ಲೂ ಎಂಟರಲ್ಲೊಂದು ಭಾಗಕ್ಕೆ ಇಳಿಸಿಕೊಂಡು ಕೆಲಸ ಮಾಡಿ ಮತ್ತೆ ಹಿಗ್ಗಿಸುತ್ತವೆ. 300 ಪಿಕ್ಸೆಲ್ ತಲೆಯಲ್ಲಿ ಒಂದು ಕಣ್ಣು ನಲವತ್ತು ಪಿಕ್ಸೆಲ್ ಅಗಲ ಇದ್ದರೆ ಒಳಗೆ ಅದಕ್ಕೆ ಸಿಗುವುದು ಐದು ಮನೆ. ಏನೂ ಬದಲಿಸಬೇಡ ಎಂದರೂ ಹೋಗಿ ಬರುವಷ್ಟರಲ್ಲಿ ನೋಟ ಸ್ವಲ್ಪ ಸರಿದಿರುತ್ತದೆ. ಹಾಯಿಸಲೇಬೇಕಿದ್ದರೆ ಕಾಲರ್ ಮತ್ತು ಕಾಲಿನ ಸುತ್ತಲ ಪಟ್ಟಿಯನ್ನಷ್ಟೇ ಮಾಸ್ಕ್ ಮಾಡಿ, ಎಲ್ಲ ಮುಖಗಳ ಮೇಲೂ ಮೂಲ ಲೇಯರನ್ನು ಮರಳಿ ಇಡಿ.

ಫೇಸ್ ಸ್ವಾಪ್ ಸರಿಹೊಂದುವ ಜಾಗವೂ ಇದೆ, ಆದರೆ ಅದು ಇದಕ್ಕೆ ತಿರುಗುಮುರುಗು: ಯಾರೂ ಗುರುತು ಹಿಡಿಯಬಾರದು ಎಂಬಲ್ಲಿ. ಕರಪತ್ರಕ್ಕೆ ಬಳಸುವ ಸಣ್ಣ ಚಿತ್ರದಲ್ಲಿ ದಾರಿಹೋಕರ ಮುಖ ಮರೆಸಿ ಎಲ್ಲೂ ಇಲ್ಲದ ಮುಖ ಹಾಕಲು ನೂರಿಪ್ಪತ್ತೆಂಟು ಪಿಕ್ಸೆಲ್ ಧಾರಾಳ, ಪರವಾನಗಿ ಸರಿಯಿರುವ ಟೂಲ್ ಆಗಿದ್ದರೆ. ಗ್ರೂಪಿನಲ್ಲಿ ಒಬ್ಬರು ಕಣ್ಣು ಮುಚ್ಚಿದ್ದಕ್ಕೆ ಸ್ವಾಪ್ ಮಾಡುವವರನ್ನು ನೋಡಿದರೆ ಮಾತ್ರ ಅಯ್ಯೋ ಅನ್ನಿಸುತ್ತದೆ. ಮುಂದಿನ ಫ್ರೇಮಿನಲ್ಲಿ ಅದೇ ಮನುಷ್ಯ ಕಣ್ಣು ಬಿಟ್ಟು ನಿಂತಿರುತ್ತಾನೆ, ತಲೆಯನ್ನು ಎತ್ತಿ ತಂದಿಟ್ಟರೆ ಮುಗಿಯಿತು. ರಾಜಕಾರಣಿಯ ಪಕ್ಕ ನಿಲ್ಲಿಸಿ ಕೊಡಿ ಎಂದು ಫ್ಲೆಕ್ಸಿಗೆ ಕೇಳುವವರಿಗೆ ಮೂರರಲ್ಲಿ ಯಾವ ದಾರಿಯಲ್ಲೂ ಮಾಡಿಕೊಡುವುದಿಲ್ಲ.

ಮುಗಿದ ಮೇಲೆ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ, ಬಣ್ಣ ತೆಗೆದು ಕಪ್ಪುಬಿಳುಪಿನಲ್ಲಿ ನೋಡುತ್ತೇನೆ. ಕಣ್ಣು ಮೊದಲು ಅಪ್ಪನ ಮೇಲೆಯೇ ಹೋಗಿ ನಿಂತರೆ ಅವರು ಪಕ್ಕದವರಿಗಿಂತ ಶಾರ್ಪ್ ಇದ್ದಾರೆ ಅಥವಾ ಹೆಚ್ಚು ಕಾಂಟ್ರಾಸ್ಟ್‌ನಲ್ಲಿದ್ದಾರೆ ಎಂದರ್ಥ. ಆಮೇಲೆ 4×6ರಲ್ಲಿ ಒಂದು ಪ್ರಿಂಟು. ಅದನ್ನು ಆರ್ಡರ್ ಕೊಟ್ಟ ಅಳಿಯನಿಗಲ್ಲ, ಅಮ್ಮನಿಗೆ ತೋರಿಸಬೇಕು, ಮೊದಲಿನದು ಈಗಿನದು ಅಂತ ಪಕ್ಕಪಕ್ಕ ಇಡದೆ.

ಸಿಕ್ಕಿರುವುದು ಒಂದೇ ಒಂದು ಸ್ಟ್ಯಾಂಪ್ ಸೈಜ್ ಫೋಟೊ, ಅದೂ ವಾಟ್ಸಾಪಿನಲ್ಲಿ ಹತ್ತು ಕೈ ದಾಟಿ ಮುಖ ನೂರು ಪಿಕ್ಸೆಲ್ಲಿಗಿಂತ ಕಡಿಮೆಯಾಗಿದೆ ಎಂದಾದರೆ ಈ ಯಾವ ದಾರಿಯೂ ಬೇಡ. ಮೂಲೆಯಲ್ಲಿ ಅಂಡಾಕಾರದ ಚೌಕಟ್ಟು ಮಾಡಿ ಆ ಫೋಟೊವನ್ನೇ ಸಣ್ಣದಾಗಿ ಕೂರಿಸುವ ಹಳೇ ಸ್ಟುಡಿಯೊ ಪದ್ಧತಿ ಇದೆಯಲ್ಲ, ಅದನ್ನೇ ಮಾಡಿಕೊಡುತ್ತೇನೆ. ಅಲ್ಲಿ ಮಂಕಾಗಿದ್ದರೂ ಇರುವುದು ಅವರದೇ ಮುಖ.