ಕಿರಿಯರ ತಪ್ಪನ್ನು ಬರೆದು ತಿಳಿಸುವುದು ಹೇಗೆ?

ಕಲಬುರಗಿಯ ಒಂದು ದಾಲ್ ಮಿಲ್‌ನಲ್ಲಿ ಮಾಲಿನ ಗುಣಮಟ್ಟ ನೋಡುವ ಕೆಲಸ ನನ್ನದು. ಹೊಸದಾಗಿ ಸೇರಿದ ಹುಡುಗನೊಬ್ಬ ತೂಕದ ಕಾಂಟಾದ ಹತ್ತಿರ ತೊಗರಿಯ ತೇವಾಂಶ ಅಳೆದು ರಿಜಿಸ್ಟರ್‌ನಲ್ಲಿ ಬರೆಯಬೇಕಿತ್ತು. ಕೆಲವು ಸಾಲು ಖಾಲಿ ಬಿಟ್ಟಿದ್ದ. ಸಿಟ್ಟಿನಲ್ಲಿ ನಾನು ಬರೆದೆ: "ನಿಮಗೆ ಯಾವಾಗಲೂ ಅಜಾಗ್ರತೆ. ಇನ್ನಾದರೂ ಜವಾಬ್ದಾರಿಯಿಂದ ಕೆಲಸ ಮಾಡಿ." ಕಳಿಸುವ ಮುಂಚೆ ಮತ್ತೊಮ್ಮೆ ಓದಿದೆ. ಇದನ್ನು ಓದಿ ಅವನು ನಾಳೆ ಬೆಳಿಗ್ಗೆ ಏನು ಬೇರೆ ಮಾಡಬೇಕು? ನನಗೇ ಹೊಳೆಯಲಿಲ್ಲ. ಹರಿದು ಹಾಕಿದೆ.

ಮೊದಲ ಕೆಲಸ, ಎಣಿಸುವುದು. ರಿಜಿಸ್ಟರ್ ತೆಗೆದು ಕೂತೆ. ಆ ವಾರ ಬಂದ 23 ಲಾಟ್‌ಗಳಲ್ಲಿ 6ಕ್ಕೆ ತೇವಾಂಶ ಬರೆದಿರಲಿಲ್ಲ. ಅಂದರೆ 17 ಸರಿಯಾಗಿದ್ದವು. "ಯಾವಾಗಲೂ" ಅನ್ನುವ ಮಾತು ಅಲ್ಲೇ ಸುಳ್ಳಾಯಿತು. ಆ 6 ಸಾಲುಗಳ ಸಮಯವನ್ನೂ ನೋಡಿದೆ. ಎಲ್ಲವೂ ಸಂಜೆ 5ರ ನಂತರದವು. ಆ ಹೊತ್ತಿಗೆ ಟ್ರ್ಯಾಕ್ಟರ್‌ಗಳು ಸಾಲುಗಟ್ಟುತ್ತವೆ, ತೇವಾಂಶ ಅಳೆಯಲು ಇರುವ ಒಂದೇ ಮೀಟರ್ ಗೋದಾಮಿನವರ ಕೈಯಲ್ಲಿರುತ್ತದೆ. ತಪ್ಪಿನಲ್ಲಿ ನನ್ನ ಪಾಲೂ ಇತ್ತು. ಅದನ್ನು ಬಿಟ್ಟು ಬರೆದರೆ ನ್ಯಾಯ ಆಗುವುದಿಲ್ಲ, ಅಲ್ವಾ?

ಆಮೇಲೆ ಅವನನ್ನು ಕರೆದು ಕೇಳಿದೆ. ಮೀಟರ್ ಸಿಗದಿದ್ದಾಗ ಏನು ಮಾಡಬೇಕೆಂದು ಯಾರೂ ಹೇಳಿರಲಿಲ್ಲ ಅಂದ. ಅದಾದ ಮೇಲೆ ಬರೆದ ಪತ್ರ ಇದು:

"ಈ ವಾರ ಸಂಜೆ 5ರ ನಂತರ ಬಂದ 6 ಲಾಟ್‌ಗಳಿಗೆ ತೇವಾಂಶ ದಾಖಲಾಗಿಲ್ಲ. ಅದರಲ್ಲಿ ಒಂದನ್ನು ಮತ್ತೆ ಅಳೆದಾಗ 14% ಬಂತು. ನಮ್ಮ ಮಿತಿ 12%. ಆ ಮಾಲು ಒಣಗಿಸಲು ಒಂದು ದಿನ ಹೋಯಿತು. ಇನ್ನು ಮುಂದೆ ಪ್ರತಿ ಲಾಟ್‌ನ ಮೂರು ಚೀಲದಿಂದ ಕಾಳು ತೆಗೆದು ಅಳೆಯಿರಿ. ತೇವಾಂಶ ಬರೆದ ಮೇಲೆಯೇ ತೂಕದ ಚೀಟಿ ಕೊಡಿ. ಮೀಟರ್ ಸಿಗದಿದ್ದರೆ ಮಾಲು ಇಳಿಸದೆ ನನಗೆ ಫೋನ್ ಮಾಡಿ. ಎರಡನೇ ಮೀಟರ್ ಸೋಮವಾರದೊಳಗೆ ತರಿಸುವುದು ನನ್ನ ಕೆಲಸ. ಮುಂದಿನ ಶನಿವಾರ ಇಬ್ಬರೂ ಕೂತು ರಿಜಿಸ್ಟರ್ ನೋಡೋಣ."

ಇಲ್ಲಿ ಅವನ ಸ್ವಭಾವದ ಬಗ್ಗೆ ಒಂದು ಮಾತೂ ಇಲ್ಲ. ಅವನ ಅಕ್ಷರ ಚೆನ್ನಾಗಿಲ್ಲ, ತಡವಾಗಿ ಬರುತ್ತಾನೆ ಅನ್ನುವುದನ್ನೂ ಸೇರಿಸಲಿಲ್ಲ. ಒಂದು ಪತ್ರಕ್ಕೆ ಒಂದೇ ವಿಷಯ ಸಾಕು. ಸುಮ್ನೆ ಹಿಂದೆ ಮುಂದೆ ಹೊಗಳಿಕೆ ಹಾಕಿ ನಡುವೆ ತಪ್ಪು ಸೇರಿಸುವುದೂ ಬೇಡ. ಓದುವವನಿಗೆ ಹೊಗಳಿಕೆಯಷ್ಟೇ ನೆನಪಿರುತ್ತದೆ, ಇಲ್ಲವೇ ಅದರ ಮೇಲೂ ನಂಬಿಕೆ ಹೋಗುತ್ತದೆ.

ಇಂಥ ಪತ್ರವನ್ನು ವಾಟ್ಸಾಪ್ ಗ್ರೂಪ್‌ಗೆ ಹಾಕಬೇಡಿ. ಅವರೊಬ್ಬರಿಗೇ ಕಳಿಸಿ.

ಪತ್ರ ತಲುಪಿತೋ ಇಲ್ಲವೋ ಅನ್ನುವುದು ಉತ್ತರದಲ್ಲಿ ಗೊತ್ತಾಗುತ್ತದೆ. "ಆಯ್ತ್ರಿ ಸರ್, ಇನ್ನ ಮ್ಯಾಲ ಹುಷಾರ್ ಇರ್ತೀನ್ರಿ" ಅಂತ ಬಂದರೆ ನೀವು ಮತ್ತೆ ಬರೆಯಬೇಕು. ಏನು ಮಾಡಬೇಕೆಂದು ಅವರಿಗೆ ಸ್ಪಷ್ಟವಾಗಿಲ್ಲ. ನನಗೆ ಬಂದ ಉತ್ತರ ಬೇರೆ ಇತ್ತು: "ಸರ್, ಮೂರು ಚೀಲ ಅಂದ್ರ ಮ್ಯಾಲಿನವೇ ಸಾಕೇನ್ರಿ, ತಳದ್ದೂ ತೆಗಿಬೇಕೇನ್ರಿ?" ಮೇಲಿನದೊಂದು, ನಡುವಿನದೊಂದು, ತಳದ್ದೊಂದು ಎಂದು ಪತ್ರದಲ್ಲಿ ಸೇರಿಸಿದೆ.