ಮೂವತ್ತು ಸೆಕೆಂಡಿನ ಪರಿಚಯ, ಬಾಯಿಪಾಠ ಅನ್ನಿಸದ ಹಾಗೆ

ನಾನು ಕಲಬುರಗಿಯ ದಾಲ್ ಮಿಲ್‌ಗಳಲ್ಲಿ ಸಾರ್ಟೆಕ್ಸ್ ಮಷಿನ್ ರಿಪೇರಿ ಮಾಡುತ್ತೇನೆ. ಬೇಳೆಯನ್ನು ಕ್ಯಾಮೆರಾದಲ್ಲಿ ನೋಡಿ, ಬಣ್ಣಗೆಟ್ಟ ಕಾಳನ್ನು ಗಾಳಿ ಊದಿ ಹೊರಗೆ ತಳ್ಳುವ ಮಷಿನ್ ಅದು. ಹಾಗೆ ಹೊರಗೆ ಬಿದ್ದ ಮಾಲಿಗೆ ಮಿಲ್‌ನಲ್ಲಿ ರಿಜೆಕ್ಷನ್ ಅನ್ನುತ್ತಾರೆ. ನನಗೆ ಕೆಲಸ ಸಿಗುವುದು ಹೆಚ್ಚಾಗಿ ಪರಿಚಯದಿಂದಲೇ. ಮಿಲ್ ಮಾಲೀಕರ ಕೂಟ, ಚೇಂಬರ್‌ನ ಸಭೆ, ಮಷಿನರಿ ಮೇಳ ಇದ್ದರೆ ತಪ್ಪದೆ ಹೋಗುತ್ತೇನೆ. ಅಲ್ಲಿ ಯಾರಾದರೂ "ಏನ್ ಮಾಡ್ತೀರಿ?" ಅಂದಾಗ ಹೇಳುವ ನಾಲ್ಕು ಮಾತನ್ನು ಹೇಗೆ ಕಟ್ಟಿಕೊಂಡೆ ಅನ್ನುವುದನ್ನು ಬರೆಯುತ್ತಿದ್ದೇನೆ.

ಶುರುವಿನಲ್ಲಿ ಪೆನ್ನು ಹಿಡಿಯಲೇ ಇಲ್ಲ. ಬರೆಯಲು ಕೂತರೆ "ಗ್ರಾಹಕರಿಗೆ ಗುಣಮಟ್ಟದ ಸೇವೆಗಳನ್ನು ಒದಗಿಸುತ್ತೇನೆ" ಅನ್ನುವಂಥ ಸಾಲೇ ಕೈಗೆ ಬರುತ್ತದೆ. ನಮ್ಮ ಕಡೆ ಯಾರೂ ಹಾಗೆ ಮಾತಾಡುವುದಿಲ್ಲ ಅಲ್ವಾ. ಅದಕ್ಕೆ ಮೊಬೈಲ್‌ನಲ್ಲಿ ರೆಕಾರ್ಡಿಂಗ್ ಹಚ್ಚಿ, ನಮ್ಮ ಭಾವನ ಎದುರು ಕೂತು ನನ್ನ ಕೆಲಸ ವಿವರಿಸಿದೆ. ಅವರದು ಸೇಡಂನಲ್ಲಿ ಗೊಬ್ಬರದ ಅಂಗಡಿ. ಮಿಲ್ ಒಳಗೆ ಏನು ನಡೆಯುತ್ತದೆ ಅನ್ನುವುದು ಅವರಿಗೆ ಗೊತ್ತಿಲ್ಲ. ಗೊತ್ತಿಲ್ಲದವರನ್ನೇ ಆರಿಸಿಕೊಳ್ಳಬೇಕು, ಆಗ ನಾವು ತಾನಾಗಿ ಸರಳವಾಗಿ ಹೇಳುತ್ತೇವೆ. "ಅಂದ್ರ ಚಲೋ ಬ್ಯಾಳಿನೂ ಹೊರಗ ಬೀಳ್ತದೇನು?" ಅಂತ ಅವರು ನಡುವೆ ಕೇಳಿದರು. "ಹೌದ್ರಿ ಭಾವ, ಅದನ್ನ ಕಡಿಮಿ ಮಾಡೋದೇ ನನ್ನ ಕೆಲಸ" ಅಂದೆ.

ಆಮೇಲೆ ಕೇಳಿಸಿಕೊಂಡಾಗ ನನಗೆ ಬೇಕಾಗಿದ್ದ ಮಾತು ಅದೇ ಅನ್ನಿಸಿತು. ಅದನ್ನು ಆಡಿದ ಹಾಗೆಯೇ ಇಟ್ಟುಕೊಂಡೆ. ನನ್ನ ಪರಿಚಯದಲ್ಲಿ ಪದಕ್ಕೆ ಪದ ಬದಲಾಗದೆ ಇರುವುದು ಅದೊಂದೇ ಸಾಲು. ಉಳಿದದ್ದರಲ್ಲಿ ಏನು ಹೇಳಬೇಕು ಅನ್ನುವುದು ಮಾತ್ರ ಗೊತ್ತಿರುತ್ತದೆ. ಹೇಗೆ ಅನ್ನುವುದು ಆ ಹೊತ್ತಿಗೆ ಬಾಯಿಗೆ ಬಂದ ಹಾಗೆ. ಆ ಸಾಲಾದ ಮೇಲೆ ಇತ್ತೀಚೆಗೆ ನೋಡಿದ ಒಂದು ಕೆಲಸ ಹೇಳುತ್ತೇನೆ. ಅದಾದ ಮೇಲೆ ಎದುರಿನವರಿಗೆ ಒಂದು ಪ್ರಶ್ನೆ ಕೇಳುತ್ತೇನೆ. ಮಿಲ್ ಮಾಲೀಕರು ಸಿಕ್ಕರೆ ಮಾತು ಹೀಗೆ ಹೋಗುತ್ತದೆ:

"ನಮಸ್ಕಾರ್ರಿ ಸಾಹುಕಾರ್ರೆ. ನಾ ಸಾರ್ಟೆಕ್ಸ್ ರಿಪೇರಿ ಮಾಡ್ತೀನ್ರಿ. ಚಲೋ ಬ್ಯಾಳಿ ರಿಜೆಕ್ಷನ್‌ದಾಗ ಬೀಳ್ತದಲ್ರಿ, ಅದನ್ನ ಕಡಿಮಿ ಮಾಡೋದೇ ನನ್ನ ಕೆಲಸ. ಮೊನ್ನೆ ಕಪನೂರದಾಗ ಒಂದು ಮಿಲ್‌ಗೆ ಹೋಗಿದ್ದೆ. ರಿಜೆಕ್ಷನ್ ಚೀಲಕ್ಕ ಕೈ ಹಾಕಿದ್ರ ಹಿಡಿಯೊಳಗ ಅರ್ಧ ಚಲೋ ಬ್ಯಾಳಿನೇ ಇತ್ತು. ನೋಡಿದ್ರ ಕ್ಯಾಮೆರಾ ಮುಂದಿನ ಗಾಜಿಗೆ ಧೂಳು ಕುಂತಿತ್ರಿ. ನಿಮ್ಮಲ್ಲಿ ರಿಜೆಕ್ಷನ್ ಮಾಲು ಹೊಳ್ಳಿ ಓಡಿಸ್ತೀರೇನ್ರಿ?"

ಇದಕ್ಕೆ ಮೂವತ್ತು ಸೆಕೆಂಡ್ ಹಿಡಿಯುತ್ತದೆ. ಅದಕ್ಕಿಂತ ಉದ್ದವಾದರೆ ಕೇಳುವವರ ಕಣ್ಣು ಆಚೀಚೆ ಹೋಗುವುದು ಕಾಣುತ್ತದೆ.

ಇದರಲ್ಲಿ ನಾನು ಜಾಸ್ತಿ ತಲೆ ಕೆಡಿಸಿಕೊಂಡಿದ್ದು ನಡುವಿನ ಆ ಕೆಲಸದ ವಿಷಯಕ್ಕೆ. ಒಂದೇ ಕಥೆಯನ್ನು ವರ್ಷವೆಲ್ಲಾ ಹೇಳಿದರೆ ದನಿ ಸಪ್ಪಗಾಗುತ್ತದೆ. ಎಲ್ಲಿ ನಿಲ್ಲಬೇಕು, ಎಲ್ಲಿ ನಗಬೇಕು ಅನ್ನುವುದೂ ಅಭ್ಯಾಸವಾಗಿಬಿಡುತ್ತದೆ. ಕೇಳುವವರಿಗೆ ಬಾಯಿಪಾಠ ಅನ್ನಿಸುವುದು ಅಲ್ಲೇ. ಅದಕ್ಕೆ ಹಂಗಾಮು ಬದಲಾದಂತೆ ಉದಾಹರಣೆಯನ್ನೂ ಬದಲಿಸುತ್ತೇನೆ. ತೊಗರಿ ರಾಶಿಯಾಗಿ ಹೊಸ ಮಾಲು ಮಿಲ್‌ಗೆ ಬರುವ ದಿನಗಳಲ್ಲಿ ಧೂಳಿನ ಮಾತು. ಗಾಜು ಮಸುಕಾದರೆ ಒಳ್ಳೆಯ ಕಾಳೂ ಕ್ಯಾಮೆರಾಗೆ ಕಪ್ಪಾಗಿ ಕಾಣುತ್ತದೆ, ಮಷಿನ್ ಅದನ್ನೂ ಊದಿಬಿಡುತ್ತದೆ. ಮಳೆಗಾಲದಲ್ಲಿ ಕಂಪ್ರೆಸರ್ ನೀರಿನ ಮಾತು. ಗಾಳಿಯ ಜೊತೆ ತೇವ ಹೋಗಿ ಊದುವ ವಾಲ್ವ್‌ಗಳು ಹಿಡಿದುಕೊಳ್ಳುತ್ತವೆ, ಆಗ ಕೆಟ್ಟ ಕಾಳು ಒಳ್ಳೆ ಬೇಳೆಯಲ್ಲೇ ಉಳಿಯುತ್ತದೆ. ಕೂಟಕ್ಕೆ ಹೊರಡುವ ಮುಂಚೆ ಆ ವಾರ ನೋಡಿದ ಕೆಲಸಗಳಲ್ಲಿ ಒಂದನ್ನು ನೆನಪು ಮಾಡಿಕೊಳ್ಳುತ್ತೇನೆ. ಮಿಲ್‌ನ ಹೆಸರು ಮಾತ್ರ ಎಂದೂ ಹೇಳುವುದಿಲ್ಲ. ಅವರ ಮಾಲಿನ ಗುಟ್ಟನ್ನು ಇನ್ನೊಬ್ಬ ಮಾಲೀಕರ ಮುಂದೆ ಬಿಚ್ಚಿದರೆ, ನಾಳೆ ನಮ್ಮದನ್ನೂ ಬಿಚ್ಚುತ್ತಾನೆ ಅಂತ ಕೇಳುವವರಿಗೆ ತಕ್ಷಣ ಅನ್ನಿಸುತ್ತದೆ.

ಪ್ರಶ್ನೆಯ ಆಯ್ಕೆಯೂ ಸುಲಭವಲ್ಲ. "ನಿಮ್ಮ ಬಿಸಿನೆಸ್ ಹೆಂಗ ನಡದದ?" ಅಂದರೆ "ನಡದದ ನೋಡ್ರಿ" ಅನ್ನುತ್ತಾರೆ, ಮಾತು ಮುಗಿಯಿತು. ರಿಜೆಕ್ಷನ್ ಮಾಲು ಹೊಳ್ಳಿ ಓಡಿಸ್ತೀರಾ ಅಂದರೆ ಉತ್ತರ ಅವರಿಗೆ ಖಂಡಿತ ಗೊತ್ತಿರುತ್ತದೆ, ಹೇಳಲು ಮನಸ್ಸೂ ಇರುತ್ತದೆ. ಎರಡು ಸಲ ಓಡಿಸಿದರೆ ಕರೆಂಟು, ಹಮಾಲಿ, ಸಮಯ ಎಲ್ಲವೂ ಹೆಚ್ಚಿಗೆ. ಅದರ ನೋವು ಅವರಿಗೇ ಗೊತ್ತು. ಅವರು ತಮ್ಮ ಮಷಿನ್ ಬಗ್ಗೆ ಶುರು ಮಾಡಿದರೆ ನನ್ನ ಪರಿಚಯ ಕೆಲಸ ಮಾಡಿದೆ ಅಂತ ಅರ್ಥ. "ಒಂದು ಕಾರ್ಡ್ ಕೊಡ್ರಿ" ಅಂತ ಕೈ ಚಾಚಿದರೆ ಬಹಳ ಸಲ ಅದು ಮಾತು ಮುಗಿಸುವ ದಾರಿ.

ಅಭ್ಯಾಸವನ್ನು ಕನ್ನಡಿ ಮುಂದೆ ಮಾಡಲಿಲ್ಲ. ಕನ್ನಡಿ ನಡುವೆ ಬಾಯಿ ಹಾಕುವುದಿಲ್ಲ, ಕೂಟದಲ್ಲಿ ಎಲ್ಲರೂ ಹಾಕುತ್ತಾರೆ. ನಮ್ಮ ಹೆಲ್ಪರ್ ಹುಡುಗನಿಗೆ ಹೇಳಿದ್ದೆ, "ನಾ ಮಾತಾಡುವಾಗ ಎಲ್ಲಿ ಬೇಕಾದರೂ ತಡೆದು ಏನಾದರೂ ಕೇಳು." ಅವನು "ಯಾವ ಊರ್ರಿ?" ಅಂತ ತಡೆಯುತ್ತಿದ್ದ. ನಿಜಕ್ಕೂ ನಮ್ಮ ಭಾಗದಲ್ಲಿ ಎಲ್ಲಕ್ಕಿಂತ ಮುಂಚೆ ಬರುವ ಪ್ರಶ್ನೆ ಅದೇ. ಊರು ಚಿತ್ತಾಪುರ ಅಂತ ಹೇಳಿ, ಬಿಟ್ಟ ಜಾಗದಿಂದ ಮುಂದೆ ಹೋಗಲು ಬಂದರೆ ಸರಿ. ಮತ್ತೆ "ನಮಸ್ಕಾರ್ರಿ"ಯಿಂದ ಶುರು ಮಾಡಬೇಕಾಗಿ ಬಂದರೆ ಅದು ಇನ್ನೂ ಬಾಯಿಪಾಠವಾಗಿಯೇ ಇದೆ. ಆಗ ಒಂದು ವಾಕ್ಯ ಕಡಿಮೆ ಮಾಡಿ ಮತ್ತೆ ನೋಡುತ್ತಿದ್ದೆ. ಹೀಗೆ ಕೈಬಿಟ್ಟದ್ದರಲ್ಲಿ ನನ್ನ ಡಿಪ್ಲೊಮಾ ಇತ್ತು, ಎಷ್ಟು ಕಂಪನಿಯ ಮಷಿನ್ ರಿಪೇರಿ ನನಗೆ ಬರುತ್ತದೆ ಅನ್ನುವ ಪಟ್ಟಿಯೂ ಇತ್ತು. ಪಟ್ಟಿ ಹೇಳುವಾಗ ಯಾರ ದನಿಯೂ ಸಹಜವಾಗಿ ಇರುವುದಿಲ್ಲ. ಬೇಕಾದವರು ಆಮೇಲೆ ಅವರೇ ಕೇಳುತ್ತಾರೆ.

ಕಲಬುರಗಿ ತೊಗರಿಯ ಹೆಸರಿನಿಂದ ಮಾತು ಶುರು ಮಾಡುವವರೂ ಇದ್ದಾರೆ. ನಮ್ಮ ತೊಗರಿಗೆ 2019ರಲ್ಲಿ, ಇದು ಈ ಭಾಗದ್ದೇ ವಿಶೇಷ ಬೆಳೆ ಅನ್ನುವ ಜಿಐ ಮಾನ್ಯತೆ ಸಿಕ್ಕಿದ್ದು ನನಗೂ ಹೆಮ್ಮೆಯೇ. ಆದರೆ ಕಲಬುರಗಿಯ ಹಾಲ್‌ನಲ್ಲಿ ಅದು ಎಲ್ಲರಿಗೂ ಗೊತ್ತು. ಹೇಳಿದರೆ ಭಾಷಣದ ಹಾಗೆ ಕೇಳಿಸುತ್ತದೆ. ಹೈದರಾಬಾದ್ ಅಥವಾ ಬೆಂಗಳೂರಿನ ಮೇಳಕ್ಕೆ ಹೋದಾಗ ಮಾತ್ರ ಅದನ್ನು ಒಂದು ಮಾತಿನಲ್ಲಿ ಸೇರಿಸುತ್ತೇನೆ. ಅಲ್ಲಿ ನಾನು ಎಲ್ಲಿಂದ ಬಂದೆ ಅನ್ನುವುದು ಅದರಿಂದ ಬೇಗ ತಿಳಿಯುತ್ತದೆ.

ಬ್ಯಾಂಕಿನವರು, ಕಾಲೇಜಿನವರು ಸಿಕ್ಕರೆ ರಿಜೆಕ್ಷನ್ ಅಂದರೂ ತಿಳಿಯುವುದಿಲ್ಲ. ಅವರಿಗೆ "ಬ್ಯಾಳಿ ಒಳಗ ಕಪ್ಪು ಕಾಳು ಬರದಂಗ ನೋಡ್ಕೊಳ್ಳೋ ಮಷಿನ್ ಅದಲ್ರಿ, ಅದನ್ನ ರಿಪೇರಿ ಮಾಡ್ತೀನಿ" ಅನ್ನುತ್ತೇನೆ. ಪ್ರಶ್ನೆಯನ್ನು ಅವರ ಕೆಲಸದ ಕಡೆ ತಿರುಗಿಸುತ್ತೇನೆ. ಬ್ಯಾಂಕಿನವರಾದರೆ, ಹಳೇ ಮಷಿನ್ ಕೊಳ್ಳೋಕೂ ಸಾಲ ಕೊಡ್ತೀರೇನ್ರಿ ಅಂತ. ಇದು ನನಗೆ ನಿಜವಾಗಿಯೂ ತಿಳಿಯಬೇಕಾದ ವಿಷಯ, ನನ್ನ ಗಿರಾಕಿಗಳು ಅದನ್ನೇ ಕೇಳುತ್ತಿರುತ್ತಾರೆ.

ಈ ವಿಧಾನ ಹೊಂದದ ಜಾಗ ಒಂದಿದೆ. ಸಾಲಾಗಿ ಕೂತವರ ಕೈಗೆ ಮೈಕ್ ಬರುವ ಸಭೆ. ಅಲ್ಲಿ ಪ್ರಶ್ನೆ ಕೇಳಿದರೆ ಉತ್ತರಿಸುವವರು ಇರುವುದಿಲ್ಲ. ಅಲ್ಲದೆ ಮೈಕ್ ಕೈ ಬದಲಾಗುವ ಗದ್ದಲದಲ್ಲಿ ಮೊದಲು ಹೇಳಿದ ಹೆಸರು ಯಾರಿಗೂ ಕೇಳುವುದಿಲ್ಲ. ಅಂಥಲ್ಲಿ ಆ ಒಂದು ಸಾಲನ್ನು ಮೊದಲು ಹೇಳಿ, ಆ ವಾರದ ಒಂದು ಕೆಲಸವನ್ನು ಎರಡೇ ವಾಕ್ಯದಲ್ಲಿ ಮುಗಿಸುತ್ತೇನೆ. ಹೆಸರನ್ನು ಕೊನೆಗೆ ನಿಧಾನವಾಗಿ ಹೇಳಿ, ಊಟದ ಹೊತ್ತಿಗೆ ಯಾವ ಕಡೆ ನಿಂತಿರುತ್ತೇನೆ ಅನ್ನುವುದನ್ನೂ ಹೇಳಿ ಮೈಕ್ ಪಕ್ಕದವರಿಗೆ ಕೊಡುತ್ತೇನೆ. ರಿಜೆಕ್ಷನ್ ಹೊಳ್ಳಿ ಓಡಿಸುವ ಪ್ರಶ್ನೆಯನ್ನು ಅಲ್ಲಿಗೆ ಬಂದವರಿಗೆ ಕೇಳುತ್ತೇನೆ.