ಬೇಸಿಗೆಯ ಬೋರ್ಡಿಗೆ ಒಂದು ಸಲಹೆ

ಕಲಬುರಗಿಯ ಮೇ ತಿಂಗಳ ಬಿಸಿಲಿಗೆ ನನ್ನ ಅಂಗಡಿಯ ಮುಂದೆ ಬರೆದಿರುವುದು ಇಷ್ಟೇ: "ಸೂರ್ಯ ರಜೆ ಹಾಕುವುದಿಲ್ಲ, ನಮ್ಮ ಮಜ್ಜಿಗೆಯೂ ಹಾಕುವುದಿಲ್ಲ! ಕಡೆದದ್ದು ಬೆಳಿಗ್ಗೆ 11ಕ್ಕೆ." ಹೊತ್ತನ್ನು ಸೀಮೆಸುಣ್ಣದಲ್ಲಿ ಬರೆಯಿರಿ, ಹೊಸದಾಗಿ ಕಡೆದಾಗ ಅಳಿಸಿ ತಿದ್ದಬೇಕು. ಗಿರಾಕಿ ಮೊದಲು ಓದುವುದೇ ಅದನ್ನು.

ನಾನು ಒಂದು ಲೀಟರ್ ಮೊಸರಿಗೆ ಮೂರು ಲೀಟರ್ ನೀರು, ಜಜ್ಜಿದ ಶುಂಠಿ, ಕರಿಬೇವು, ಇಂಗು, ಉಪ್ಪು ಹಾಕುತ್ತೇನೆ. ಐಸನ್ನು ಮಜ್ಜಿಗೆಯೊಳಗೆ ಹಾಕಬೇಡಿ, ಪಾತ್ರೆಯ ಸುತ್ತ ಇಡಿ. ಒಳಗೆ ಹಾಕಿದರೆ ಮಧ್ಯಾಹ್ನದ ಹೊತ್ತಿಗೆ ಮಜ್ಜಿಗೆ ನೀರುನೀರಾಗುತ್ತದೆ. ನಾಲಿಗೆಗೆ ಹುಳಿ ಚುರುಕೆಂದರೆ ಆ ಪಾತ್ರೆಯ ಮಾರಾಟ ಅಲ್ಲಿಗೆ ನಿಲ್ಲಿಸಿ. "ಬಿಸಿಲಾಘಾತಕ್ಕೆ ಮದ್ದು" ಎಂದು ಮಾತ್ರ ಬರೆಯಲೇಬೇಡಿ. ತಲೆಸುತ್ತಿ ಬಿದ್ದವರಿಗೆ ಬೇಕಾದದ್ದು ಆಸ್ಪತ್ರೆ.

ಐಸ್‌ಕ್ರೀಮ್ ಇಡುವವರು ಡಬ್ಬದ ಸಣ್ಣ ಅಕ್ಷರ ಓದಿ. "ಫ್ರೋಜನ್ ಡೆಸರ್ಟ್" ಎಂದಿದ್ದರೆ ಅದರಲ್ಲಿರುವುದು ಸಾಮಾನ್ಯವಾಗಿ ಹಾಲಿನ ಕೊಬ್ಬಲ್ಲ, ಸಸ್ಯಜನ್ಯ ಎಣ್ಣೆ; ಬೋರ್ಡಿನಲ್ಲಿ ಅದನ್ನು ಐಸ್‌ಕ್ರೀಮ್ ಎನ್ನುವಂತಿಲ್ಲ. "ನಾಲಿಗೆಗೆ ತಂಪಿನ ಹಬ್ಬ" ಎನ್ನಿ, ಅದು ನಿಜವೇ.

ತಂಪು ಪಾನೀಯದ ಬಾಟಲಿಗೆ "ಕೂಲಿಂಗ್" ಎಂದು ಎಂಆರ್‌ಪಿಗಿಂತ ಎರಡು ರೂಪಾಯಿ ಹೆಚ್ಚು ಕೇಳುವುದು ಕಾನೂನಿಗೆ ವಿರುದ್ಧ. "ತಂಪಿಗೆ ದುಡ್ಡಿಲ್ಲ, ಬಾಟಲಿಯ ಬೆಲೆಯಷ್ಟೇ" ಎಂದು ದೊಡ್ಡದಾಗಿ ಬರೆಯಿರಿ.